ಸಾವಿನ ಮನೆಗೆ ಕಳಿಸುವ ಊಟದ ಜೊತೆ ಚೀಟಿ: ಏನು ಬರೆಯಬೇಕು?

ಕಳೆದ ವರ್ಷ ನಮ್ಮ ಮಹಡಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಮೂರೇ ದಿನಕ್ಕೆ ಆ ಮನೆಯ ಅಡುಗೆಕಟ್ಟೆ ತುಂಬಾ ಕ್ಯಾರಿಯರ್‌ಗಳು. ಯಾವುದು ಯಾರದು, ಒಳಗೇನಿದೆ, ಯಾರಿಗೂ ಗೊತ್ತಿಲ್ಲ. ಒಂದು ಹಣ್ಣಿನ ಬುಟ್ಟಿಯ ಮೇಲಂತೂ ‘ಶುಭಾಶಯಗಳೊಂದಿಗೆ’ ಅಂತ ಅಂಗಡಿಯವರ ರಿಬ್ಬನ್ ಹಾಗೇ ಇತ್ತು.

ಮೊದಲು ಆ ರಿಬ್ಬನ್, ಬಿಲ್ಲು, ಬೆಲೆಯ ಚೀಟಿ ಎಲ್ಲ ಕಿತ್ತುಹಾಕಿ. ಬಿಳಿ ಹಾಳೆ, ಬಾಲ್‌ಪೆನ್ ತಗೊಳ್ಳಿ. ಜೆಲ್ ಪೆನ್ ಬೇಡ, ಸಾರು ತಾಗಿದರೆ ಅಕ್ಷರ ಹರಡುತ್ತದೆ. ಅಚ್ಚು ಹಾಕಿದ ಸಂತಾಪದ ಕಾರ್ಡುಗಳೂ ಬೇಡ. ಅದರಲ್ಲಿರುವ ಉದ್ದದ ಪದ್ಯವನ್ನು ಆ ಹೊತ್ತಲ್ಲಿ ಯಾರೂ ಓದುವುದಿಲ್ಲ.

ಜನ ಎಡವುವುದು ಮೊದಲ ಎರಡು ಸಾಲಿನಲ್ಲಿ. ‘ವೈಕುಂಠವಾಸಿ’ ಅಂದರೆ ವೈಷ್ಣವರ ಮಾತು. ‘ಲಿಂಗೈಕ್ಯ’ ಲಿಂಗಾಯತರ ಮನೆಯದು. ‘ಆತ್ಮಕ್ಕೆ ಸದ್ಗತಿ ಸಿಗಲಿ’ ಅನ್ನುವುದು ಮುಸ್ಲಿಂ ಮನೆಗೆ ಹೊಂದುವುದಿಲ್ಲ. ‘ತೀರಿಕೊಂಡರು’ ಅನ್ನಿ, ಎಲ್ಲ ಮನೆಗೂ ಸಲ್ಲುತ್ತದೆ. ‘ಧೈರ್ಯ ತಂದುಕೊಳ್ಳಿ’, ‘ವಯಸ್ಸಾಗಿತ್ತಲ್ಲ’, ‘ಒಳ್ಳೆಯ ಸಾವು’ ಇವನ್ನು ಬರೆಯಲೇಬೇಡಿ. ಅಮ್ಮನಿಗೆ ಎಂಬತ್ತಾಗಿತ್ತು ಅಂತ ಮಗಳ ದುಃಖ ಕಮ್ಮಿ ಆಗುತ್ತದಾ? ಅದರ ಬದಲು ಹೋದವರ ಬಗ್ಗೆ ನೀವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ ಬರೆಯಿರಿ. ನಾನು ಎದುರುಮನೆಗೆ ಹೀಗೆ ಬರೆದಿದ್ದೆ:

‘ಅಕ್ಕಾ, ಅಮ್ಮ ತೀರಿಕೊಂಡಿದ್ದು ಕೇಳಿ ತುಂಬಾ ಸಂಕಟವಾಯಿತು. ನನ್ನ ಮಗಳಿಗೆ ಚುಕ್ಕಿ ರಂಗೋಲಿ ಕಲಿಸಿದ್ದು ಅವರೇ. ಅನ್ನ, ತಿಳಿಸಾರು, ಮಜ್ಜಿಗೆ ಇದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ. ರಾತ್ರಿಯೊಳಗೆ ಊಟ ಮಾಡಿ. ಡಬ್ಬಿ ಈಗ ಕೊಡುವುದು ಬೇಡ, ಸೂತಕ ಕಳೆದ ಮೇಲೆ ನಾನೇ ತಗೊಳ್ತೀನಿ.’

ಕೆಳಗೆ ಹೆಸರು, ಮನೆ ನಂಬರ್.

ಊಟದ ವಿವರ ಯಾಕೆ ಅಂದರೆ, ಕರ್ಮ ಮಾಡುವವರು ಎಷ್ಟೋ ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಚೀಟಿಯಲ್ಲಿ ಇಲ್ಲದಿದ್ದರೆ ಅವರು ಅನುಮಾನದಿಂದ ಡಬ್ಬಿಯನ್ನೇ ಪಕ್ಕಕ್ಕಿಡುತ್ತಾರೆ. ಹಾಕಿದ್ದರೆ ಹಾಕಿದ್ದೀನಿ ಅಂತಲೇ ಬರೆಯಿರಿ, ಮನೆಯ ಬೇರೆಯವರು ತಿನ್ನುತ್ತಾರೆ. ಹಣ್ಣು, ಹೂವಿಗೆ ಈ ಸಾಲುಗಳು ಬೇಕಿಲ್ಲ.

ಡಬ್ಬಿಯ ಸಾಲನ್ನು ಮಾತ್ರ ಬಿಡಬೇಡಿ. ಬರೆಯದಿದ್ದರೆ ಅದನ್ನು ತೊಳೆದು, ಯಾರದೆಂದು ಹುಡುಕಿ, ಮುಟ್ಟಿಸುವ ಕೆಲಸ ಆ ಮನೆಯವರ ತಲೆಗೆ ಬೀಳುತ್ತದೆ. ‘ಏನಾದರೂ ಬೇಕಿದ್ದರೆ ಫೋನ್ ಮಾಡಿ’ ಅನ್ನುವುದೂ ಹಾಗೆಯೇ, ಕೇಳುವ ಹೊರೆ ಅವರದೇ ಆಗುತ್ತದೆ. ‘ನಾಳೆ ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ಹಾಲು ಇಟ್ಟಿರ್ತೀನಿ’ ಅಂತ ಬರೆಯಿರಿ, ಇಡಿ. ಕೊನೆಗೆ ಅಭ್ಯಾಸಬಲದಿಂದ ‘ಮತ್ತೆ ಸಿಗೋಣ’ ಬೇಡ. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನುವುದಿಲ್ಲ ಅಲ್ವಾ, ಚೀಟಿಗೂ ಅದೇ.

ಆನ್‌ಲೈನ್‌ನಲ್ಲಿ ಕಳಿಸುವವರು ಸಂದೇಶ ಕನ್ನಡದಲ್ಲೇ ಅಚ್ಚಾಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ಅಕ್ಷರದ ಬದಲು ಬರೀ ಚೌಕಗಳು ಬರುತ್ತವೆ.

ಚೀಟಿಯನ್ನು ಮಡಚಿ ಕ್ಯಾರಿಯರ್ ಹಿಡಿಗೆ ದಾರದಲ್ಲಿ ಕಟ್ಟಿ. ಮುಚ್ಚಳದ ಒಳಗಿಟ್ಟರೆ ಆವಿಗೆ ಒದ್ದೆಯಾಗುತ್ತದೆ.