ಮೊದಲ ಸಂಬಳದ ಕ್ಯಾಪ್ಶನ್: ಐದು ಲಕ್ಷ ಮೊಗ್ಗಿನ ಲೆಕ್ಕ

ಮೊದಲ ಸಂಬಳದ ದಿನ ತಂದೆತಾಯಿಗೆ ವಂದಿಸಿ ನಾನು ಹಾಕಿದ ಕ್ಯಾಪ್ಶನ್ ನಾಲ್ಕನೆಯ ಪ್ರಯತ್ನದಲ್ಲಿ ಕೈಹಿಡಿಯಿತು. ಮಲ್ಲಿಗೆ ಮಾರುವ ಅಳತೆಯಾದ ಅಟ್ಟೆಯ ಲೆಕ್ಕದಲ್ಲಿ ಬರೆಯುತ್ತೇನೆ ಎಂದಾಗ, ಕಾಲೇಜಿನ ಗೆಳೆಯರೆಲ್ಲರೂ ಅದು ಉಡುಪಿ ಬಳಿಯ ಕಟಪಾಡಿಯಿಂದ ಆಚೆ ಯಾರಿಗೂ ಅರ್ಥವಾಗದು ಎಂದಿದ್ದರು. ಅದೇ ಗೆಳೆಯರಲ್ಲಿ ಇಬ್ಬರು ಈಗ ತಮ್ಮದನ್ನೂ ಬರೆದುಕೊಡಲು ಕೇಳುತ್ತಿರುವುದರಿಂದ, ನಡೆದದ್ದನ್ನು ದಾಖಲಿಸುತ್ತಿದ್ದೇನೆ.

ತಿಂಗಳ ಹನ್ನೊಂದಕ್ಕೆ ಕೆಲಸಕ್ಕೆ ಸೇರಿದ್ದರಿಂದ ಕೈಗೆ ಬಂದದ್ದು ಇಪ್ಪತ್ತು ದಿನದ ಸಂಬಳ, ಪಿಎಫ್ ಕಳೆದು ಸುಮಾರು 19,000 ರೂಪಾಯಿ. ಮೊದಲ ಕರಡಿನಲ್ಲಿ ‘ನಿಮ್ಮ ಋಣವನ್ನು ಏಳು ಜನ್ಮದಲ್ಲೂ ತೀರಿಸಲಾರೆ’ ಎಂದು ಬರೆದು ಅಪ್ಪನಿಗೆ ಓದಿ ಹೇಳಿದೆ. ‘ನಾನು ನಿನಗೆ ಸಾಲ ಕೊಟ್ಟದ್ದಲ್ಲವಲ್ಲ ಮಾರಾಯ’ ಎಂದು ಅವರು ರಿಕ್ಷಾ ತೊಳೆಯಲು ಎದ್ದುಹೋದರು. ಎರಡನೆಯದರಲ್ಲಿ ನಾಲ್ಕು ವರ್ಷದ ಶುಲ್ಕ, ಪಿಜಿ ಬಾಡಿಗೆ, ಲ್ಯಾಪ್‌ಟಾಪಿನ ಕಂತುಗಳನ್ನೆಲ್ಲ ಕೂಡಿಸಿ ಬರೆದೆ. ಅದು ವಂದನೆಯಾಗದೆ ಅಂಗಡಿಯ ಚೀಟಿಯಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಸೊಸೈಟಿಯಲ್ಲಿ ಅಮ್ಮನ ಬಳೆ ಅಡವಿಟ್ಟ ವಿಷಯವನ್ನೂ ಅದರಲ್ಲಿ ಸೇರಿಸಿದ್ದೆ. ಸಂಬಂಧಿಕರಾರಿಗೂ ತಿಳಿಯದಂತೆ ಅವರು ಕಾಪಾಡಿಕೊಂಡು ಬಂದಿದ್ದ ಸಂಗತಿ ಅದು. ವಿದ್ಯೆಗೆ ದುಡ್ಡು ಹೇಗೆ ಹೊಂದಿತು ಎಂಬುದು ಹೆತ್ತವರ ಗುಟ್ಟು, ಅವರ ಒಪ್ಪಿಗೆಯಿಲ್ಲದೆ ಬರೆಯಲು ನನಗೆ ಹಕ್ಕಿಲ್ಲ ಎಂಬುದು ಆಗ ಹೊಳೆಯಿತು.

ಹಾಗಾದರೆ ಅವರು ಮುಚ್ಚಿಡದ, ಹೆಮ್ಮೆಯಿಂದಲೇ ಹೇಳಿಕೊಳ್ಳುವ ಲೆಕ್ಕ ಯಾವುದು? ನಮ್ಮ ಮನೆಯಲ್ಲಿ ಅದು ಮಲ್ಲಿಗೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಕು ಹರಿಯುವಾಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಶಂಕರಪುರದ ಹೂವಿನ ಮಾರಾಟದ ಕಟ್ಟೆಗೆ ಮುಟ್ಟಿಸಬೇಕು, ದರ ದಿನಕ್ಕೊಂದು. ಮದುವೆಯ ಸಮಯದಲ್ಲಿ ಏರುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲದೆ ಕುಸಿಯುತ್ತದೆ. ನಮ್ಮ ಕಾಲೇಜಿನ ಶುಲ್ಕದ ನೋಟೀಸು ಪ್ರತಿವರ್ಷವೂ ಸರಿಯಾಗಿ ಆಟಿಯಲ್ಲೇ ಬರುತ್ತಿದ್ದುದರಿಂದ ಆ ತಿಂಗಳ ಬಿಗಿ ಇಡೀ ಮನೆಗೆ ನೆನಪಿದೆ.

ಮೂರನೆಯ ವರ್ಷದ ಶುಲ್ಕ ನನ್ನ ನೆನಪಿನಂತೆ 62,000. ಆ ವರ್ಷ ಅಮ್ಮನ ಕೈಗೆ ಸರಾಸರಿ ಅಟ್ಟೆಗೆ 400 ರೂಪಾಯಿ ಬಂದಿತೆಂದು ಇಟ್ಟುಕೊಂಡರೆ 155 ಅಟ್ಟೆ, ಎಂದರೆ ಹತ್ತಿರ ಹತ್ತಿರ ಐದು ಲಕ್ಷ ಮೊಗ್ಗು. ಈ ಸಂಖ್ಯೆ ಸಿಕ್ಕಿದ ರಾತ್ರಿ, ಇದನ್ನು ಮೀರಿಸುವ ಕ್ಯಾಪ್ಶನ್ ಉಡುಪಿ ಜಿಲ್ಲೆಯಲ್ಲಿ ಇರಲಾರದು ಎಂದು ನಾನು ನಂಬಿದ್ದು ನಿಜ. ಆ ಉಮೇದಿನಲ್ಲಿಯೇ ಮೂರನೆಯ ತಪ್ಪನ್ನೂ ಮಾಡಿದೆ. ನನ್ನ ಸಂಬಳವನ್ನೂ ‘ನಲವತ್ತೇಳು ಅಟ್ಟೆ’ ಎಂದು ಬದಲಾಯಿಸಿ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದೆ. ದರ ಗೊತ್ತಿದ್ದ ನೆರೆಮನೆಯವರು ಅರ್ಧ ಗಂಟೆಯೊಳಗೆ ಗುಣಿಸಿ, ‘ಎಂಜಿನಿಯರ್‌ಗೆ ಇಷ್ಟೇಯಾ?’ ಎಂದು ಅಮ್ಮನನ್ನು ಕೇಳಿದರು. ಇಪ್ಪತ್ತು ದಿನದ ಸಂಬಳವೆಂದು ಮನೆಮನೆಗೆ ಹೇಳಿ ಬರುವಂತಿರಲಿಲ್ಲ, ತೆಗೆದುಹಾಕಿದೆ. ಸಂಬಳದ ಚೀಟಿಯ ಫೋಟೋ ಹಾಕಿ ಪ್ಯಾನ್ ಸಂಖ್ಯೆಯನ್ನು ಊರಿಗೆಲ್ಲ ತೋರಿಸಿದ ಸಹಪಾಠಿಗಿಂತ ನಾನು ವಾಸಿ ಎಂದು ಸಮಾಧಾನ ಪಟ್ಟುಕೊಂಡೆ.

ನಡುವೆ ಒಂದು ಪ್ರಯೋಗವೂ ನಡೆಯಿತು. ಮನೆಮಾತು ತುಳುವಾದ್ದರಿಂದ ಅದರಲ್ಲೇ, ಕನ್ನಡ ಲಿಪಿಯಲ್ಲಿ ಬರೆದು ನೋಡಿದೆ. ಪದಗಳ ಕೊನೆಯ ಅರ್ಧ ಉಕಾರವನ್ನು ಬರೆಯುವುದು ಹೇಗೆಂದು ತಿಳಿಯದೆ ಎಲ್ಲೆಡೆ ಅರ್ಧಾಕ್ಷರಗಳು ತುಂಬಿಕೊಂಡವು. ದಿನವೂ ತುಳುವಿನಲ್ಲೇ ಮಾತನಾಡುವ ಅಮ್ಮ ಪ್ರತಿ ಪದಕ್ಕೂ ತಡವರಿಸಿ, ‘ಕನ್ನಡದಲ್ಲೇ ಬರಿ, ಓದಲಿಕ್ಕಾದರೂ ಆಗುತ್ತದೆ’ ಎಂದಳು.

ಕೊನೆಗೆ ನಿಂತ ಪಾಠ ಇದು: ‘ಅಮ್ಮ ಐದು ಲಕ್ಷ ಮೊಗ್ಗು ಕಟ್ಟಿದಳು, ಅಪ್ಪ ಅಷ್ಟನ್ನೂ ರಿಕ್ಷಾದಲ್ಲಿ ಕಟ್ಟೆಗೆ ಮುಟ್ಟಿಸಿದರು. ಅದು ನನ್ನ ಮೂರನೆಯ ವರ್ಷದ ಶುಲ್ಕ. ಇಂದು ನನಗೆ ಮೊದಲ ಸಂಬಳ ಬಂತು.’ ಅಪ್ಪನ ಭಾಗ ಮೊದಲು ಇರಲಿಲ್ಲ. ‘ಕಟ್ಟೆಗೆ ಹೂವು ತಾನೇ ನಡೆದುಕೊಂಡು ಹೋಯಿತಾ?’ ಎಂದು ಅಮ್ಮ ಕೇಳಿದ ಮೇಲೆ ಸೇರಿಸಿದೆ. ಇನ್‌ಸ್ಟಾಗ್ರಾಮ್ ಮೊದಲೆರಡು ಸಾಲುಗಳ ನಂತರದ್ದನ್ನು ಮಡಚಿಡುವುದರಿಂದ, ಸಂಬಳದ ಮಾತನ್ನು ಹಿಂದಕ್ಕೆ ತಳ್ಳಿ ಅವರಿಬ್ಬರನ್ನು ಮುಂದಿಟ್ಟೆ. ‘ಧನ್ಯವಾದ’ ಎಂಬ ಪದವನ್ನು ಬೇಕೆಂದೇ ಬಿಟ್ಟೆ, ಏಕೆಂದರೆ ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಯಾರಿಗೂ ಹೇಳಿದ್ದಿಲ್ಲ. ಜೊತೆಗೆ ಯಾವ ಚಿತ್ರ ಹಾಕಿದೆ, ಅದನ್ನು ಎಷ್ಟು ಹೊತ್ತಿಗೆ ತೆಗೆದೆ ಎಂಬುದನ್ನು ಹೇಳುವುದಿಲ್ಲ. ಆ ಗೆಳೆಯರಿಗೂ ಹೇಳಿಲ್ಲ.

ಅದೇ ಪಾಠವನ್ನು ಹಾಕಿದ್ದ ವಾಟ್ಸ್ಆ್ಯಪ್ ಸ್ಟೇಟಸ್ಸು ಇಪ್ಪತ್ತನಾಲ್ಕು ಗಂಟೆಯಲ್ಲಿ ಅಳಿಸಿಹೋಗುತ್ತದೆಂದು ತಿಳಿದ ಅಪ್ಪ ಅದರ ಸ್ಕ್ರೀನ್‌ಶಾಟ್ ತೆಗೆಸಿಕೊಂಡು ರಿಕ್ಷಾ ಸ್ಟ್ಯಾಂಡಿನಲ್ಲಿ ತೋರಿಸುತ್ತಿದ್ದಾರಂತೆ. ಅಮ್ಮ ಎರಡು ಬಾರಿ ಓದಿ, ಗೊಬ್ಬರದ ಖರ್ಚು ಕಳೆದಿಲ್ಲ, ಕಳೆದರೆ ಮೊಗ್ಗು ಇನ್ನೂ ಒಂದು ಲಕ್ಷ ಜಾಸ್ತಿ ಆಗಬೇಕು ಎಂದಳು.