ಕೆಳಗಿನ ಮನೆಯ ಹಪ್ಪಳ ತೊಯ್ದ ಮೇಲೆ ಸರಿಹೋದ ಡ್ರಿಪ್

ಕಾರವಾರದಲ್ಲಿ ನಮ್ಮದು ಎರಡನೇ ಮಹಡಿ. ಬಾಲ್ಕನಿ ಸಮುದ್ರದ ಕಡೆಗಿದೆ. ಒಂಬತ್ತು ಕುಂಡ: ಮಲ್ಲಿಗೆ, ಬಸಳೆ, ಮೆಣಸು, ಟೊಮೆಟೊ, ಇಂಥವೇ. ಊರಿಗೆ ಹೋದರೆ ನೀರು ಹಾಕುವವರಿಲ್ಲ ಅಂತ, ಮಣ್ಣಿನ ತೇವ ನೋಡಿ ಪಂಪಿನಿಂದ ತಾನಾಗಿ ನೀರು ಬಿಡುವ ಈ ಡ್ರಿಪ್ ಶುರು ಮಾಡಿದ್ದು. ಶಿರಸಿಯಲ್ಲಿ ಅಡಿಕೆ ತೋಟ ನೋಡಿಕೊಳ್ಳುವ ಅಪ್ಪ "ಎರಡು ಚೊಂಬು ನೀರಿಗೆ ಇಷ್ಟೆಲ್ಲ ಬೇಕಾಗಿತ್ತಾ ತಮಾ?" ಅಂತ ನಕ್ಕಿದ್ದರು.

ಮೊದಲು ಕೊಂಡಿದ್ದು ಐವತ್ತೋ ಅರವತ್ತೋ ರೂಪಾಯಿಯ, ಮಣ್ಣಿನ ತೇವ ಅಳೆಯುವ ಎರಡು ಕಾಲಿನ ಸೆನ್ಸರ್. ಅದರಲ್ಲಿ ಸದಾ ಕರೆಂಟ್ ಹರಿಯುವ ಹಾಗೆ ಬಿಟ್ಟಿದ್ದು ನನ್ನದೇ ತಪ್ಪು. ಮೂರು ವಾರಕ್ಕೆ ಒಂದು ಕಾಲಿನ ತಾಮ್ರ ಪೂರ್ತಿ ತಿಂದುಹೋಗಿ ಹಸಿರು ಕಿಲುಬು ಮಾತ್ರ ಉಳಿದಿತ್ತು. ಹೀಗೆ ಮೂರು ಹಾಳಾದ ಮೇಲೆ ಕೆಪ್ಯಾಸಿಟಿವ್ ಅನ್ನುವ ಬಗೆಯ ಸೆನ್ಸರ್ ತರಿಸಿದೆ. ಅದರಲ್ಲಿ ತಾಮ್ರ ಮಣ್ಣಿಗೆ ತಾಗುವುದಿಲ್ಲ. ಆದರೆ ಪಟ್ಟಿಯ ಅಂಚಿನಿಂದ ನೀರು ಒಳಗೆ ಹೋಗುತ್ತದೆ, ಹಾಗಾಗಿ ಅಂಚಿಗೂ ಮೇಲಿನ ಎಲೆಕ್ಟ್ರಾನಿಕ್ ಚಿಪ್‌ಗೂ ಲೇಪ ಹಾಕಲೇಬೇಕು. ನೇಲ್ ಪಾಲಿಶ್ ಎರಡು ತಿಂಗಳು ಬಂತು. ಈಗ ಬೇರೆ ಒಂದು ಹಾಕುತ್ತೇನೆ, ಇಲ್ಲಿನ ದೋಣಿ ರಿಪೇರಿಯವರಿಂದ ಕಲಿತದ್ದು, ಅದನ್ನು ಸದ್ಯಕ್ಕೆ ನನ್ನ ಹತ್ರನೇ ಇಟ್ಟುಕೊಳ್ಳುತ್ತೇನೆ.

ದೊಡ್ಡ ಎಡವಟ್ಟು ಆಗಿದ್ದು ಮೇ ತಿಂಗಳಲ್ಲಿ. ಆಗ ಟೈಮರ್ ಇರಲಿಲ್ಲ, ಮಣ್ಣು ಒಣಗಿದರೆ ಪಂಪ್ ಆನ್, ಒದ್ದೆಯಾದರೆ ಆಫ್, ಅಷ್ಟೇ. ಒಂದು ಮಧ್ಯಾಹ್ನ ಕಾಗೆ ವೈರ್ ಎಳೆದು ಸೆನ್ಸರ್ ಹೊರಗೆ ಹಾಕಿದೆ. ಗಾಳಿಯಲ್ಲಿ ನೇತಾಡುವ ಸೆನ್ಸರ್‌ಗೆ ಲೋಕವೆಲ್ಲ ಒಣಗಿದ ಹಾಗೆ ಅಲ್ವಾ? ಪಂಪ್ ನಿಮಿಷಕ್ಕೆ ಒಂದೂವರೆ ಲೀಟರ್ ಎತ್ತುತ್ತದೆ. ಇಪ್ಪತ್ತು ಲೀಟರಿನ ಬಕೆಟ್ ಕಾಲು ಗಂಟೆಯೊಳಗೆ ಖಾಲಿ. ಅದೆಲ್ಲ ಇಳಿದದ್ದು ಕೆಳಗಿನ ಮನೆಯವರು ಒಣಗಿಸಿದ್ದ ಹಲಸಿನ ಹಪ್ಪಳದ ಮೇಲೆ. ಖಾಲಿ ಓಡಿದ ಪಂಪೂ ಸತ್ತಿತು, ಮುನ್ನೂರು ರೂಪಾಯಿ. ಹಪ್ಪಳದ ಲೆಕ್ಕ ಬೇರೆ.

ಹಾಗಾದರೆ ಬರೀ ಟೈಮರ್ ಸಾಕು ಅಂದರು ಎಲ್ಲರೂ. ಅದನ್ನೂ ನೋಡಿದೆ. ಮೋಡ ಕವಿದ ವಾರದಲ್ಲಿ ಮೆಣಸಿನ ಬೇರು ಕೊಳೆಯಿತು.

ಈಗಿರುವುದು ಎರಡರ ಜೋಡಿ. ಯಾವಾಗ ಎಂದು ಗಡಿಯಾರ ಹೇಳುತ್ತದೆ, ಬೇಕೋ ಬೇಡವೋ ಅಂತ ಸೆನ್ಸರ್. ಬೆಳಿಗ್ಗೆ 6ಕ್ಕೆ, ಸಂಜೆ 5.30ಕ್ಕೆ ಮಾತ್ರ ಓದಲು ಶುರು ಮಾಡುತ್ತದೆ, ಅದೂ ಪಂಪ್ ನಿಂತಿದ್ದಾಗ, ಯಾಕೆಂದರೆ ಪಂಪ್ ಎಳೆದಾಗ ವೋಲ್ಟೇಜ್ ಕುಸಿದು ಅಂಕಿ ಕುಣಿಯುತ್ತದೆ. ನನ್ನ ಮಣ್ಣು-ಕೋಕೋಪೀಟ್ ಮಿಶ್ರಣ ಪೂರ್ತಿ ಒಣಗಿದಾಗ 540ರ ಹತ್ತಿರ, ನೀರು ಹಾಕಿ ಬಸಿದ ಮೇಲೆ 330 ತೋರಿಸಿತು. ನಡುವೆ 450ಕ್ಕೆ ಗೆರೆ ಎಳೆದೆ. ನಿಮ್ಮ ಮಿಶ್ರಣಕ್ಕೆ ನೀವೇ ಅಳೆಯಬೇಕು. ಕೆಳಗಿನ ಕೋಡಿನಲ್ಲಿ soil ಅಂದರೆ ಸೆನ್ಸರ್ ತೋರಿಸುವ ಅಂಕಿ, n ಅಂದರೆ ಆ ಹೊತ್ತಿಗೆ ಎಷ್ಟು ಸಲ ನೀರು ಬಿಟ್ಟಿತು ಅನ್ನುವ ಲೆಕ್ಕ.

```
if (soil > 450 && n < 3) {
  digitalWrite(PUMP, HIGH);
  delay(60000UL);
  digitalWrite(PUMP, LOW);
  n++;
}
```

ಒಂದು ನಿಮಿಷ ಬಿಟ್ಟು, ಇಪ್ಪತ್ತು ನಿಮಿಷ ಕಾದು ಮತ್ತೆ ಓದುತ್ತದೆ. ನೀರು ಸೆನ್ಸರ್ ತನಕ ಇಳಿಯಲು ಅಷ್ಟು ಬೇಕು, ಇಲ್ಲದಿದ್ದರೆ ಒಣ ಅಂತಲೇ ತೋರಿಸುತ್ತಾ ಸುರಿಯುತ್ತಲೇ ಇರುತ್ತದೆ. ಒಂದು ಹೊತ್ತಿಗೆ ಮೂರು ಸಲಕ್ಕಿಂತ ಜಾಸ್ತಿ ಇಲ್ಲ. ಇದರ ಮೇಲೆ ಇನ್ನೊಂದು ಸಾಲು ಇದೆ: 580 ದಾಟಿದರೆ ಸೆನ್ಸರ್ ಮಣ್ಣಿನಲ್ಲಿ ಇಲ್ಲ ಅಂತ ತಿಳಿದು, ಅದರ ಮಾತು ಬಿಟ್ಟು ಒಂದೇ ಸಲ ನೀರು ಬಿಡುತ್ತದೆ. ಕಾಗೆಗೆ ಕೊಟ್ಟ ಉತ್ತರ ಅದು. ಕರೆಂಟ್ ಹೋದರೂ ಸಮಯ ತಪ್ಪಬಾರದು ಅಂತ ಡಿಎಸ್3231 ಗಡಿಯಾರ ಹಾಕಿದ್ದೇನೆ.

ಡ್ರಿಪ್ಪರ್‌ಗಳನ್ನು ಕಿತ್ತು ಹಾಕಿದೆ. ಈ ಸಣ್ಣ ಪಂಪಿನ ಒತ್ತಡಕ್ಕೆ ಹತ್ತಿರದ ಕುಂಡಕ್ಕೆ ಹನಿ, ದೂರದ್ದಕ್ಕೆ ಏನೂ ಇಲ್ಲ. ಬದಲಿಗೆ ಒಂಬತ್ತಕ್ಕೂ ಒಂದೇ ಉದ್ದದ ಸಣ್ಣ ಪೈಪ್ ಕತ್ತರಿಸಿ, ಹತ್ತಿರದ ಕುಂಡದ್ದನ್ನು ಸುರುಳಿ ಸುತ್ತಿಟ್ಟೆ. ಬಾಟಲಿ ಇಟ್ಟು ಅಳೆದರೆ ನಿಮಿಷಕ್ಕೆ ಸುಮಾರು 160 ಎಂಎಲ್, ಹತ್ತಿಪ್ಪತ್ತು ಆಚೀಚೆ. ಡ್ರಮ್ ನೆಲದ ಮೇಲೇ ಇರಲಿ, ನೀರಿನ ಮಟ್ಟ ಪೈಪಿನ ಬಾಯಿಗಿಂತ ಕೆಳಗಿರಬೇಕು. ನಾನು ಒಮ್ಮೆ ಸ್ಟೂಲಿನ ಮೇಲಿಟ್ಟು, ಪಂಪ್ ನಿಂತ ಮೇಲೂ ನೀರು ತಾನಾಗಿ ಹರಿಯುವುದನ್ನು ನೋಡುತ್ತಾ, ಪಂಪ್ ಆನ್-ಆಫ್ ಮಾಡುವ ರಿಲೇ ಕೆಟ್ಟಿದೆ ಅಂತ ಎರಡು ರಿಲೇ ಬದಲಾಯಿಸಿದ್ದೆ!

ಈ ಮಧ್ಯೆ ಒಂದೆಲಗದ ಕುಂಡಕ್ಕೆ ಸುಮ್ನೆ ಹಳೇ ಪಂಚೆಯ ಬತ್ತಿ ಹೊಸೆದು ಬಾಟಲಿಯಿಂದ ನೀರು ಕೊಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದೇ ಎಲ್ಲಕ್ಕಿಂತ ಚೆನ್ನಾಗಿ ಬೆಳೆದಿದೆ.

ಈಗಿನ ಸೆಟ್‌ಗೆ ಎರಡು ಸಾವಿರದ ಒಳಗೇ ಆಗಿರಬೇಕು. ಹಾಳು ಮಾಡಿದ್ದು ಹೆಚ್ಚುಕಡಿಮೆ ಅಷ್ಟೇ. ಈ ಏಪ್ರಿಲ್‌ನಲ್ಲಿ ಮದುವೆಗೆ ಅಂತ ಆರು ದಿನ ಶಿರಸಿಗೆ ಹೋಗಿ ಬಂದಾಗ ನಲವತ್ತು ಲೀಟರಿನ ಡ್ರಮ್ಮಿನಲ್ಲಿ ಇನ್ನೂ ಒಂದು ಗೇಣು ನೀರಿತ್ತು. ಟೊಮೆಟೊ ಎರಡು ಹಣ್ಣಾಗಿದ್ದವು. ಫೋಟೋ ಕಳಿಸಿದೆ. "ತೋಟಕ್ಕೂ ಒಂದು ಮಾಡಿಕೊಡ್ತೆಯಾ?" ಅಂತ ಅಪ್ಪನ ಫೋನ್ ಬಂತು.