ಮೊದಲು ಯಾರು? ಎರಿಟ್ರಿಯಾ ಗಡಿಯಲ್ಲಿ ನಾನು ಕಳೆದ ಒಂದು ವರ್ಷ

2005ರ ಆರಂಭದಲ್ಲಿ ನಾನು ವಿಶ್ವಸಂಸ್ಥೆಯ ಸೇನಾ ವೀಕ್ಷಕನಾಗಿ ಇಥಿಯೋಪಿಯಾ–ಎರಿಟ್ರಿಯಾ ಗಡಿಗೆ ಹೋದೆ. ಆಗ ಭಾರತೀಯ ಸೇನೆಯಲ್ಲಿ ಮೇಜರ್ ಆಗಿದ್ದೆ. ವೀಕ್ಷಕರ ಕೈಯಲ್ಲಿ ಬಂದೂಕು ಇರುವುದಿಲ್ಲ. ನೀಲಿ ಟೋಪಿ, ಬೈನಾಕ್ಯುಲರ್, ಜಿಪಿಎಸ್, ಒಂದು ನೋಟ್‌ಬುಕ್, ಅಷ್ಟೇ. ಎರಡೂ ಸೇನೆಗಳು ಕೊಟ್ಟ ಮಾತಿನಂತೆ ನಿಂತಿವೆಯೇ ಎಂದು ದಿನಾ ಹೋಗಿ ನೋಡಿ ಬರೆಯುವುದು ನನ್ನ ಕೆಲಸ.

ಆ ಮಾತು ಏನಿತ್ತು ಅಂತ ಮೊದಲು ಹೇಳುತ್ತೇನೆ. 1998ರ ಮೇ ತಿಂಗಳಲ್ಲಿ ಬಾದ್ಮೆ ಎಂಬ ಸಣ್ಣ ಊರಿನ ಹತ್ತಿರ ಶುರುವಾದ ಯುದ್ಧ 2000ದ ಜೂನ್ 18ರಂದು ಅಲ್ಜೀರ್ಸ್‌ನಲ್ಲಿ ಸಹಿಯಾದ ಒಪ್ಪಂದದಿಂದ ನಿಂತಿತು. ಇಥಿಯೋಪಿಯಾ ತಾನು ಒಳನುಗ್ಗಿ ಹಿಡಿದ ಜಾಗ ಬಿಟ್ಟು ಯುದ್ಧಕ್ಕೆ ಮುಂಚೆ ಇದ್ದ ಗೆರೆಗೆ ಹಿಂದಿರುಗಬೇಕು. ಎರಿಟ್ರಿಯಾ ಆ ಗೆರೆಯಿಂದ 25 ಕಿಲೋಮೀಟರ್ ದೂರ ಇರಬೇಕು. ಫಿರಂಗಿ ಗುಂಡು ತಲುಪದಷ್ಟು ದೂರ ಅಂತ ಆ ಅಂಕಿ. ನಡುವಿನ ಜಾಗ ಸೇನೆ ಇಲ್ಲದ ಪಟ್ಟಿ. ಗಮನಿಸಿ, ಆ ಪಟ್ಟಿ ಪೂರ್ತಿ ಎರಿಟ್ರಿಯಾದ ಕಡೆಗೇ ಇತ್ತು. ತನ್ನದೇ ನೆಲದಲ್ಲಿ ತನ್ನ ಸೇನೆ ಕಾಲಿಡುವಂತಿಲ್ಲ. 2001ರ ಏಪ್ರಿಲ್ 18ಕ್ಕೆ ಪಟ್ಟಿ ಜಾರಿಗೆ ಬಂತು. ಗಡಿ ಎಲ್ಲಿ ಎಂದು ಒಂದು ಆಯೋಗ ತೀರ್ಪು ಕೊಡುತ್ತದೆ, ಅದೇ ಕೊನೆಯ ಮಾತು ಎಂದು ಇಬ್ಬರೂ ಒಪ್ಪಿದ್ದರು. 2002ರ ಏಪ್ರಿಲ್ 13ರಂದು ತೀರ್ಪು ಬಂತು. ಅದರ ಪ್ರಕಾರ ಬಾದ್ಮೆ ಎರಿಟ್ರಿಯಾಕ್ಕೆ ಸೇರಬೇಕಿತ್ತು. ಆದರೆ ಅಲ್ಲಿ ಕೂತಿದ್ದದ್ದು ಇಥಿಯೋಪಿಯಾ. ಅದು ಏಳಲಿಲ್ಲ.

ನಾನು ಹೋದಾಗ ಎಲ್ಲ ಇಲ್ಲೇ ಸಿಕ್ಕಿಕೊಂಡಿತ್ತು. ಮೊದಲು ಕೂತು ಮಾತಾಡೋಣ, ಸಂಬಂಧ ಸರಿಮಾಡಿಕೊಳ್ಳೋಣ, ಆಮೇಲೆ ಗಡಿ ಕಂಬ ನೆಡೋಣ ಎಂದು ಇಥಿಯೋಪಿಯಾ ಹೇಳುತ್ತಿತ್ತು. ಕಂಬ ನೆಟ್ಟ ಮೇಲೆ ಮಾತು ಎಂದು ಎರಿಟ್ರಿಯಾ. ನಮ್ಮ ಸೆಕ್ಟರ್‌ನಲ್ಲಿದ್ದ ಭಾರತೀಯ ಬೆಟಾಲಿಯನ್‌ನಲ್ಲಿ ಗೋಕಾಕ ಕಡೆಯ ಒಬ್ಬ ಹವಾಲ್ದಾರ್ ಇದ್ದರು. ಇದನ್ನೆಲ್ಲ ಕೇಳಿ ಅವರು, "ಸಾಹೇಬ್ರ, ಅಣ್ತಮ್ಮರ ಹೊಲದ ಜಗಳ ಇದು. ಬದು ಹಾಕಿದ ಮ್ಯಾಲ ಉಣ್ಣಾಕ ಬರ್ತೀನಿ ಅಂತಾನ ಒಬ್ಬ. ಉಂಡ ಮ್ಯಾಲ ಬದು ಹಾಕೋಣು ಅಂತಾನ ಇನ್ನೊಬ್ಬ" ಎಂದರು. ಇದಕ್ಕಿಂತ ಸರಿಯಾಗಿ ಹೇಳಿದ್ದನ್ನು ನಾನು ಯಾವ ವರದಿಯಲ್ಲೂ ಓದಿಲ್ಲ.

ರಾಜಧಾನಿಗಳು ಮಾತಾಡದಿದ್ದರೂ ಕೆಳಗೆ, ಸೆಕ್ಟರ್ ಮಟ್ಟದಲ್ಲಿ, ಎರಡೂ ಕಡೆಯ ಅಧಿಕಾರಿಗಳನ್ನು ನಾವು ಕೂರಿಸುತ್ತಿದ್ದೆವು. ಅಲ್ಲಿ ಬರುತ್ತಿದ್ದದ್ದು ದನ, ಕುರಿ, ಬಾವಿ, ದಾರಿ ತಪ್ಪಿದ ಜನರ ವಿಷಯಗಳು. ಒಂದು ಪ್ರಕರಣ ನನಗೆ ಬಹಳ ಕಲಿಸಿತು. ಒಂದು ಕಡೆಯವರು ಮೂವರು ಕುರಿ ಕಾಯುವ ಹುಡುಗರನ್ನು ಹಿಡಿದಿಟ್ಟುಕೊಂಡಿದ್ದರು. ಇನ್ನೊಂದು ಕಡೆಯವರು ಒಂದು ಕಾವಲು ಠಾಣೆಯನ್ನು ಮುಂದಕ್ಕೆ ತಂದಿದ್ದಾರೆ ಎಂಬುದು ದೂರು. ಠಾಣೆ ಹಿಂದೆ ಹೋಗಲಿ, ಹುಡುಗರನ್ನು ಬಿಡುತ್ತೇವೆ ಎಂದು ಇವರು. ಹುಡುಗರನ್ನು ಬಿಡಿ, ಆಮೇಲೆ ಠಾಣೆಯ ಮಾತು ಎಂದು ಅವರು.

ನಾನು ಮೊದಲ ವಾರ ಮಾಡಿದ ತಪ್ಪು ಇದು: ಎರಡೂ ಕಡೆ ಹೋಗಿ "ದೊಡ್ಡ ಮನಸ್ಸು ಮಾಡಿ, ನೀವೇ ಮೊದಲು ಮಾಡಿ" ಎಂದು ಕೇಳಿದೆ. ಇಬ್ಬರಿಗೂ ಅವಮಾನ ಆಯಿತು. ಮೊದಲು ಬಗ್ಗಿದ ಅಧಿಕಾರಿ ನಾಳೆ ತನ್ನ ಮೇಲಿನವರಿಗೆ ಉತ್ತರ ಹೇಳಬೇಕಲ್ವಾ?

ಆಮೇಲೆ ಬೇರೆ ದಾರಿ ಹಿಡಿದೆ. ಯಾರಿಗೂ ಏನೂ ಖರ್ಚಾಗದ ಒಂದು ಕೆಲಸದಿಂದ ಶುರು ಮಾಡಿದೆ. ಠಾಣೆ ನಿಜಕ್ಕೂ ಎಲ್ಲಿದೆ ಎಂದು ಅಳೆಯುವುದು. ಎರಡೂ ಕಡೆಯ ಒಬ್ಬೊಬ್ಬ ಅಧಿಕಾರಿ ಬೇರೆ ಬೇರೆ ಗಂಟೆಗೆ ಬಂದು ನನ್ನ ಜಿಪಿಎಸ್ ನೋಡಿದರು. ಆಗ ಒಂದು ಗುಟ್ಟು ಹೊರಬಿತ್ತು. ನಕ್ಷೆಯಲ್ಲಿ ಜಾಗ ಗುರುತಿಸಲು ಬೇರೆ ಬೇರೆ ಲೆಕ್ಕಗಳಿವೆ. ಒಬ್ಬರ ನಕ್ಷೆ ಹಳೆಯ ಅದಿಂದಾನ್ ಲೆಕ್ಕದಲ್ಲಿ ಅಚ್ಚಾಗಿತ್ತು. ಜಿಪಿಎಸ್ ಓದುತ್ತಿದ್ದದ್ದು ಡಬ್ಲ್ಯುಜಿಎಸ್ 84 ಲೆಕ್ಕದಲ್ಲಿ. ಒಂದೇ ಅಂಕಿಯನ್ನು ಎರಡರಲ್ಲಿ ಗುರುತಿಸಿದರೆ ಸುಮಾರು 200 ಮೀಟರ್ ಅಂತರ ಬೀಳುತ್ತದೆ. ದೂರಿನಲ್ಲಿದ್ದ 350 ಮೀಟರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಕರಗಿತು. ಉಳಿದದ್ದು ನಿಜವಾದ ತಪ್ಪು. ಆದರೆ ಈಗ ಅದು ಒಬ್ಬ ಕಮಾಂಡರ್ ಮಾನ ಕಳೆದುಕೊಳ್ಳದೆ ಸರಿಪಡಿಸಬಹುದಾದಷ್ಟು ಚಿಕ್ಕದಾಗಿತ್ತು.

ಎರಡನೇ ಹೆಜ್ಜೆ, ಠಾಣೆ ಇದ್ದ ದಿಣ್ಣೆಯ ಮೇಲೆ ಇಬ್ಬರೂ ರಾತ್ರಿ ಗಸ್ತು ನಿಲ್ಲಿಸುವುದು. ಇದನ್ನು ಬೇಕಾದಾಗ ಮತ್ತೆ ಶುರು ಮಾಡಬಹುದು, ಹಾಗಾಗಿ ಒಪ್ಪುವುದು ಸುಲಭ. ಆರು ರಾತ್ರಿ ನಿಂತಿತು. ಮೂರನೇ ಹೆಜ್ಜೆಗೆ ಇಬ್ಬರಿಂದಲೂ ಬೇರೆ ಬೇರೆ ಪತ್ರ ಬರೆಸಿಕೊಂಡೆ, ಎರಡನ್ನೂ ವಿಶ್ವಸಂಸ್ಥೆಗೆ. ಎದುರಾಳಿಗೆ ಕೊಟ್ಟ ಮಾತಲ್ಲ, ನಮಗೆ ಕೊಟ್ಟ ಮಾತು. ಬೆಳಿಗ್ಗೆ ಒಂಬತ್ತಕ್ಕೆ ಹುಡುಗರು ನಮ್ಮ ಜೀಪು ಹತ್ತಿದರು. ಅದೇ ಒಂಬತ್ತಕ್ಕೆ ಠಾಣೆಯ ಡೇರೆ ಬಿಚ್ಚುವುದನ್ನು ಇನ್ನೊಬ್ಬ ವೀಕ್ಷಕರು ನಿಂತು ನೋಡಿ ರೇಡಿಯೋದಲ್ಲಿ ಹೇಳಿದರು. ಹುಡುಗರಲ್ಲಿ ಚಿಕ್ಕವನಿಗೆ ಹನ್ನೆರಡು ವರ್ಷ ಇರಬಹುದು. ದಾರಿಯುದ್ದಕ್ಕೂ ಅವನು ಕೇಳಿದ್ದು ತನ್ನ ಕುರಿಗಳ ಬಗ್ಗೆ ಮಾತ್ರ.

ಈ ಕ್ರಮ ಕೆಳಗೆ ನಡೆಯಿತು, ಮೇಲೆ ಯಾಕೆ ನಡೆಯಲಿಲ್ಲ? ವರ್ಷವಿಡೀ ಇದನ್ನೇ ಯೋಚಿಸಿದ್ದೇನೆ. ನಮ್ಮ ಪ್ರಕರಣದಲ್ಲಿ ಹುಡುಗರ ಬಿಡುಗಡೆ, ಠಾಣೆಯ ತೆರವು ಎರಡೂ ಒಂದೇ ಗಂಟೆಗೆ ಬಿದ್ದವು. ಅಲ್ಜೀರ್ಸ್‌ನಲ್ಲಿ ಹಾಗಿರಲಿಲ್ಲ. ಇಥಿಯೋಪಿಯಾ ಒಳನಾಡಿನ ಊರುಗಳನ್ನು ಬಿಟ್ಟು ಹಿಂದೆ ಹೋದದ್ದು ನಿಜ, ಅದು ಸಣ್ಣದಲ್ಲ. ಎರಿಟ್ರಿಯಾ 25 ಕಿಲೋಮೀಟರ್ ಪಟ್ಟಿಯನ್ನು ಮೊದಲೇ ಪೂರ್ತಿ ಕೊಟ್ಟಿತು. ಅದಕ್ಕೆ ಸಿಗಬೇಕಾದ ಬಾದ್ಮೆ ಮಾತ್ರ ಎಲ್ಲಕ್ಕಿಂತ ಕೊನೆಗೆ, ಅದೂ ಎದುರಾಳಿಯ ಮನಸ್ಸಿಗೆ ಬಿಟ್ಟದ್ದು. ತೀರ್ಪು ಬಂತು, ಅದನ್ನು ಜಾರಿ ಮಾಡಿಸುವ ಕೈ ಯಾವುದೂ ಇರಲಿಲ್ಲ. ಎರಿಟ್ರಿಯಾದ ಹತ್ತಿರ ಹಿಂದಕ್ಕೆ ಪಡೆಯಲು ಉಳಿದಿದ್ದು ಎರಡೇ: ಆ ಪಟ್ಟಿ ಮತ್ತು ಅದರಲ್ಲಿದ್ದ ನಾವು.

ಅದು ಹಿಂದಕ್ಕೆ ಪಡೆದ ರೀತಿಯೂ ಮೆಟ್ಟಿಲು ಮೆಟ್ಟಿಲಾಗಿಯೇ ಇತ್ತು. 2005ರ ಅಕ್ಟೋಬರ್‌ನಲ್ಲಿ ನಮ್ಮ ಹೆಲಿಕಾಪ್ಟರ್‌ಗಳು ಹಾರುವಂತಿಲ್ಲ ಎಂದಿತು. ಆಮೇಲೆ ರಾತ್ರಿ ಗಸ್ತೂ ಇಲ್ಲ. ಗಾಯಾಳುಗಳನ್ನು ಮಣ್ಣು ರಸ್ತೆಯಲ್ಲಿ ಗಂಟೆಗಟ್ಟಲೆ ಸಾಗಿಸುವ ಸ್ಥಿತಿ ಬಂದಾಗ ದೂರದ ಠಾಣೆಗಳನ್ನು ಖಾಲಿ ಮಾಡಬೇಕಾಯಿತು. 40ರಲ್ಲಿ 18 ಹೋದವು. ನಾನೇ ಒಂದಕ್ಕೆ ಬೀಗ ಹಾಕಿ ಬಂದೆ. ಡಿಸೆಂಬರ್‌ನಲ್ಲಿ ಅಮೆರಿಕ, ಕೆನಡಾ, ಯುರೋಪ್, ರಷ್ಯಾದ ಸಹೋದ್ಯೋಗಿಗಳು ಹತ್ತು ದಿನದಲ್ಲಿ ಹೊರಡಬೇಕೆಂದು ಆದೇಶ. ನಾವು ಭಾರತೀಯರು ಉಳಿದೆವು.

ಆಗ ನನ್ನ ನೋಟ್‌ಬುಕ್‌ನಲ್ಲಿ ದಿನದಿನಕ್ಕೂ "ನೋಡಲಾಗಲಿಲ್ಲ" ಎಂಬ ಸಾಲು ಹೆಚ್ಚುತ್ತಾ ಹೋಯಿತು. ಒಪ್ಪಂದ ಸಡಿಲವಾಗುತ್ತಿರುವುದು ಗುಂಡಿನ ಸದ್ದಿಗಿಂತ ಮೊದಲು ಅಲ್ಲಿ ಗೊತ್ತಾಗುತ್ತದೆ. ನಾನು ಬಂದ ಮೇಲೆ, 2006ರ ಅಕ್ಟೋಬರ್‌ನಲ್ಲಿ, ಸುಮಾರು 1,500 ಎರಿಟ್ರಿಯನ್ ಸೈನಿಕರು 14 ಟ್ಯಾಂಕ್‌ಗಳೊಂದಿಗೆ ಪಟ್ಟಿಯೊಳಗೆ ಬಂದರು. 2007ರ ಕೊನೆಗೆ ಎರಿಟ್ರಿಯಾ ನಮ್ಮವರಿಗೆ ಡೀಸೆಲ್ ಸಿಗದಂತೆ ಮಾಡಿತು. 2008ರ ಜುಲೈಗೆ ಇಡೀ ಮಿಷನ್ ಮುಚ್ಚಿತು.

ಹತ್ತು ವರ್ಷದ ನಂತರ, 2018ರ ಜೂನ್‌ನಲ್ಲಿ, ಇಥಿಯೋಪಿಯಾದ ಹೊಸ ಪ್ರಧಾನಿ ಅಬಿ ಅಹ್ಮದ್ ತೀರ್ಪನ್ನು ಪೂರ್ತಿ ಒಪ್ಪುತ್ತೇವೆ ಎಂದರು. ಜುಲೈನಲ್ಲಿ ಎರಿಟ್ರಿಯಾದ ರಾಜಧಾನಿ ಅಸ್ಮಾರಾಕ್ಕೆ ವಿಮಾನ ಹಾರಿತು. ಸೆಪ್ಟೆಂಬರ್ 11ರಂದು ಗಡಿ ಊರು ಜಲಂಬೆಸ್ಸಾದ ರಸ್ತೆ ತೆರೆಯಿತು. ನಾನು ಎಷ್ಟೋ ಸಲ ನಿಂತಿದ್ದ ರಸ್ತೆ ಅದು. ಇಪ್ಪತ್ತು ವರ್ಷ ದೂರವಾಗಿದ್ದ ಸಂಬಂಧಿಕರು ಅಲ್ಲಿ ತಬ್ಬಿಕೊಂಡು ಅಳುವ ಚಿತ್ರಗಳನ್ನು ನೋಡಿ ನಾನೂ ಅತ್ತೆ. ಆದರೆ ಸುಂಕ, ಪಾಸು, ಯಾವ ಹಣ ನಡೆಯುತ್ತದೆ ಎಂಬುದೊಂದನ್ನೂ ಬರೆದು ಗಟ್ಟಿ ಮಾಡಿರಲಿಲ್ಲ. ಗಡಿ ಕಂಬವೂ ಏಳಲಿಲ್ಲ. ಡಿಸೆಂಬರ್ ಮುಗಿಯುವಷ್ಟರಲ್ಲಿ ಆ ರಸ್ತೆ ಮತ್ತೆ ಮುಚ್ಚಿತು.